18,000 ರೂಪಾಯಿ ಟಿಡಿಎಸ್ ಎಲ್ಲಿ ಹೋಯ್ತು?

2024ರ ಜುಲೈ ಮೊದಲ ವಾರ. ರಾತ್ರಿ ಊಟ ಮುಗಿಸಿ ಐಟಿ ರಿಟರ್ನ್ ತುಂಬೋಣ ಅಂತ ಕೂತೆ. ಫಾರ್ಮ್‌ನಲ್ಲಿ ಟಿಡಿಎಸ್, ಅಂದರೆ ದುಡ್ಡು ಕೊಡುವವರು ಮೊದಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆಯ ಮೊತ್ತ ತಾನಾಗಿಯೇ ತುಂಬಿಕೊಂಡು ಬಂದಿತ್ತು, 42,000. ನನ್ನ ಲೆಕ್ಕದ ಪ್ರಕಾರ ಅದು 60,000 ಇರಬೇಕಿತ್ತು.

ನಾನು ಸ್ಟ್ರಕ್ಚರಲ್ ಎಂಜಿನಿಯರ್. ದಾವಣಗೆರೆಯ ಮನೆಯಿಂದಲೇ ಬೆಂಗಳೂರಿನ ಒಂದು ಕಂಪನಿಗೆ ಡಿಸೈನ್ ಮಾಡಿಕೊಡುತ್ತೇನೆ. ನೌಕರಿ ಅಲ್ಲ, ಕಾಂಟ್ರ್ಯಾಕ್ಟ್. 2023ರ ಜೂನ್‌ನಿಂದ ತಿಂಗಳಿಗೆ 60,000 ಬಿಲ್ ಕಳಿಸುತ್ತಿದ್ದೆ. ಕಂಪನಿಯವರು ಆಗಿನ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 194ಜೆ ಪ್ರಕಾರ ಶೇ 10, ಅಂದರೆ 6,000 ಹಿಡಿದುಕೊಂಡು 54,000 ಖಾತೆಗೆ ಹಾಕುತ್ತಿದ್ದರು. ಆಗ ವರ್ಷಕ್ಕೆ 30,000 ದಾಟಿದರೆ ಹಿಡಿಯಬೇಕಿತ್ತು, 2025ರ ಏಪ್ರಿಲ್‌ನಿಂದ ಆ ಮಿತಿ 50,000 ಆಯ್ತು. ಮಾರ್ಚ್‌ವರೆಗೆ ಹತ್ತು ಬಿಲ್, ಒಟ್ಟು 6 ಲಕ್ಷ, ಹಿಡಿದದ್ದು 60,000.

ಈ ದುಡ್ಡು ನನಗೆ ಯಾಕೆ ಅಷ್ಟು ಮುಖ್ಯ ಅಂದರೆ, ಅದು ಪೂರ್ತಿ ನನಗೆ ವಾಪಸ್ ಬರಬೇಕಾದ ದುಡ್ಡು. ಎಂಜಿನಿಯರ್, ಡಾಕ್ಟರ್, ವಕೀಲರಂಥವರು ಆಗಿನ ಸೆಕ್ಷನ್ 44ಎಡಿಎ ಅಡಿಯಲ್ಲಿ ಬಂದ ಫೀಸಿನ ಅರ್ಧವನ್ನು ಆದಾಯ ಅಂತ ತೋರಿಸಬಹುದಿತ್ತು, ಖರ್ಚಿನ ಲೆಕ್ಕಪುಸ್ತಕ ಬೇಕಿರಲಿಲ್ಲ. ನನ್ನ 6 ಲಕ್ಷದಲ್ಲಿ ಆದಾಯ 3 ಲಕ್ಷ. ಹೊಸ ತೆರಿಗೆ ಪದ್ಧತಿಯಲ್ಲಿ ಅಷ್ಟಕ್ಕೆ ತೆರಿಗೆ ಸೊನ್ನೆ. ಟಿಡಿಎಸ್ ಹಿಡಿಯುವುದು ಬಿಲ್ಲಿನ ಪೂರ್ತಿ ಮೊತ್ತದ ಮೇಲೆ, ತೆರಿಗೆ ಬೀಳುವುದು ಆದಾಯದ ಮೇಲೆ. ಹಾಗಾಗಿ ನಮ್ಮಂಥವರ ದುಡ್ಡು ಹೆಚ್ಚಾಗಿ ಹೋಗಿ ಕೂತಿರುತ್ತದೆ. ಆದರೆ ಇಲಾಖೆ ನನ್ನ ಮಾತು ನಂಬಿ ವಾಪಸ್ ಕೊಡಲ್ಲ, ತನ್ನ ದಾಖಲೆಯಲ್ಲಿ ನನ್ನ ಪ್ಯಾನ್ ಎದುರಿಗೆ ಏನಿದೆಯೋ ಅಷ್ಟನ್ನೇ ಕೊಡುತ್ತದೆ.

ಆ ದಾಖಲೆಯೇ ಆಗಿನ 26ಎಎಸ್. ಇ-ಫೈಲಿಂಗ್ ಪೋರ್ಟಲ್‌ಗೆ ಲಾಗಿನ್ ಆಗಿ e-File > Income Tax Returns > View Form 26AS ಒತ್ತಿದರೆ ಇಲಾಖೆಯ ಟಿಡಿಎಸ್ ದಾಖಲೆಗಳ ಟ್ರೇಸಸ್ ಸೈಟ್‌ಗೆ ಹೋಗುತ್ತಿತ್ತು. 2023-24ರ ಆದಾಯ ಆದ್ದರಿಂದ ಅಸೆಸ್‌ಮೆಂಟ್ ವರ್ಷ 2024-25 ಆರಿಸಿದೆ. ಕಂಪನಿಯ ಹೆಸರು, ಟಿಡಿಎಸ್ ಕಟ್ಟಲು ಅದಕ್ಕಿರುವ ಟ್ಯಾನ್ ನಂಬರ್, ಕೆಳಗೆ ಒಂದೊಂದು ತಿಂಗಳ ಸಾಲು. ಡಿಸೆಂಬರ್‌ವರೆಗೆ ಏಳು ಸಾಲು ಇತ್ತು, ಎಲ್ಲದರ ಎದುರಿಗೂ F ಅಕ್ಷರ. F ಅಂದರೆ ದುಡ್ಡು ಸರ್ಕಾರಕ್ಕೆ ಸೇರಿದ್ದು ಖಚಿತವಾಗಿದೆ ಅಂತ. U ಅಂತ ಇದ್ದರೆ ಕಂಪನಿ ಕೊಟ್ಟ ವಿವರಕ್ಕೆ ಕಟ್ಟಿದ ದುಡ್ಡು ಹೊಂದಿಲ್ಲ ಅಂತ ಅರ್ಥ. ಜನವರಿ, ಫೆಬ್ರವರಿ, ಮಾರ್ಚ್ ಸಾಲುಗಳು U ಅಂತಲೂ ಇರಲಿಲ್ಲ. ಸಾಲುಗಳೇ ಇರಲಿಲ್ಲ.

ಇದು ಏಪ್ರಿಲ್‌ನಲ್ಲೋ ಮೇನಲ್ಲೋ ಆಗಿದ್ದರೆ ಸುಮ್ನೆ ಕಾಯಬಹುದಿತ್ತು. ಯಾಕೆಂದರೆ ಕೊನೆಯ ತ್ರೈಮಾಸಿಕದ ಟಿಡಿಎಸ್ ವಿವರ, ಅಂದರೆ ಆಗಿನ 26ಕ್ಯೂ, ಸಲ್ಲಿಸಲು ಕಂಪನಿಗೆ ಮೇ 31ರವರೆಗೆ ಸಮಯ ಇತ್ತು. ಆಮೇಲೆ ಹದಿನೈದು ದಿನದೊಳಗೆ, ಟಿಡಿಎಸ್ ಹಿಡಿದದ್ದಕ್ಕೆ 16ಎ ಸರ್ಟಿಫಿಕೇಟ್ ಕೊಡಬೇಕಿತ್ತು. ಜುಲೈ ಬಂದಿದ್ದರೂ ನನ್ನ ಹತ್ತಿರ ಮೂರೇ 16ಎ ಇತ್ತು, ನಾಲ್ಕನೆಯದು ಬಂದಿರಲಿಲ್ಲ. ಅದನ್ನು ಜೂನ್‌ನಲ್ಲೇ ಕೇಳಬೇಕಿತ್ತು.

ಬೆಳಿಗ್ಗೆ ಕಂಪನಿಗೆ ಫೋನ್ ಮಾಡಿದೆ. "ನಾವು ಕಟ್ಟಿದ್ದೀವಿ ಮೇಡಂ, ಚಲನ್ ಇದೆ" ಅಂದರು ಅಕೌಂಟ್ಸ್‌ನ ಹುಡುಗ. ನಿಜ, ಚಲನ್ ಇತ್ತು. ಆದರೆ ಚಲನ್‌ನಲ್ಲಿ ಯಾರ ಹೆಸರೂ ಇರಲ್ಲ, ಎಲ್ಲರ ಟಿಡಿಎಸ್ ಒಟ್ಟಿಗೆ ಒಂದೇ ಮೊತ್ತವಾಗಿ ಹೋಗಿರುತ್ತದೆ. ಅದರಲ್ಲಿ ಯಾರದು ಎಷ್ಟು ಅಂತ ಹೇಳುವುದು 26ಕ್ಯೂ. ಹಾಗಾಗಿ "ಚಲನ್ ಬೇಡ, 26ಕ್ಯೂನಲ್ಲಿ ನನ್ನ ಸಾಲು ತೆಗೆದು ಪ್ಯಾನ್ ಓದಿ ಹೇಳಿ" ಅಂದೆ. ಎರಡು ದಿನ ಉತ್ತರ ಬರಲಿಲ್ಲ. ಮೂರನೆಯ ದಿನ ಬೇರೆ ಕೆಲಸಕ್ಕೆ ಬೆಂಗಳೂರಿಗೆ ಹೋಗುವುದಿತ್ತು, ಪ್ಯಾನ್ ಕಾರ್ಡ್ ಹಿಡಿದುಕೊಂಡು ನೇರ ಅವರ ಆಫೀಸಿಗೇ ಹೋದೆ.

ಆ ಹುಡುಗ ಫೈಲ್ ತೆರೆದರು. ನಾನು ಪಕ್ಕದಲ್ಲಿ ಕೂತು ಒಂದೊಂದೇ ಅಕ್ಷರ ಓದುತ್ತಾ ಹೋದೆ, ಅವರು ಸ್ಕ್ರೀನ್ ಮೇಲೆ ಬೆರಳಿಟ್ಟು ನೋಡುತ್ತಾ ಬಂದರು. ಮೊದಲ ಐದು ಅಕ್ಷರ ಸರಿ. ಆಮೇಲೆ ನಾಲ್ಕು ಅಂಕಿ. ನನ್ನ ಕಾರ್ಡಿನಲ್ಲಿ ಕೊನೆಯ ಎರಡು 47, ಅವರಲ್ಲಿ 74. ಜನವರಿಯಲ್ಲಿ ಸಾಫ್ಟ್‌ವೇರ್ ಬದಲಾಯಿಸಿದಾಗ ಎಲ್ಲರ ವಿವರ ಕೈಯಲ್ಲೇ ಟೈಪ್ ಮಾಡಿದ್ದರಂತೆ. ಅಕ್ಷರ, ಅಂಕಿಗಳ ಕ್ರಮ ಸರಿಯಿದ್ದಿದ್ದರಿಂದ ಫೈಲ್ ತಕರಾರಿಲ್ಲದೆ ಅಪ್‌ಲೋಡ್ ಆಗಿದೆ. ಆದರೆ ಆ ನಂಬರಿನ ಪ್ಯಾನ್ ಇಲಾಖೆಯಲ್ಲಿ ಯಾರಿಗೂ ಇಲ್ಲ. ಇಲ್ಲದ ಪ್ಯಾನ್‌ಗೆ ಟ್ರೇಸಸ್‌ನಲ್ಲಿ 16ಎ ಬರಲ್ಲ. ನಾಲ್ಕನೆಯ ಸರ್ಟಿಫಿಕೇಟ್ ನಿಂತಿದ್ದು ಇಲ್ಲೇ.

ಇನ್ನೊಂದು ವಿಷಯವೂ ಅಲ್ಲೇ ಗೊತ್ತಾಯ್ತು. ಸರಿಯಾದ ಪ್ಯಾನ್ ಇಲ್ಲದಿದ್ದರೆ ಶೇ 20 ಹಿಡಿಯಬೇಕು ಅನ್ನುವುದು ನಿಯಮ. ನನ್ನ ಮೂರು ತಿಂಗಳ 1,80,000ಕ್ಕೆ ಅದು 36,000 ಆಗುತ್ತದೆ. ಅವರು ಹಿಡಿದದ್ದು 18,000. ಉಳಿದ 18,000 ಕಡಿಮೆ ಹಿಡಿದಿದ್ದೀರಿ ಅಂತ ಕಂಪನಿಗೇ ಬಾಕಿ ತೋರಿಸುತ್ತಿತ್ತು. ಅದನ್ನು ನೋಡಿದ ಮೇಲೆ ಅವರ ಮ್ಯಾನೇಜರ್ ಕೂಡ ಬಂದು ಕೂತರು, ತಿದ್ದುಪಡಿ ಸ್ಟೇಟ್‌ಮೆಂಟ್ ಅವತ್ತೇ ಶುರುವಾಯ್ತು. ನಿಮಗೂ ಹೀಗಾದರೆ ಕಂಪನಿಯವರ ಬಾಕಿಯನ್ನೂ ನೋಡಲು ಹೇಳಿ, ಕೆಲಸ ಬೇಗ ಆಗುತ್ತದೆ.

ತಿದ್ದಬೇಕಾದವರು ಅವರೇ, ನಾವಲ್ಲ. ನಾನು ರಿಟರ್ನ್‌ನಲ್ಲಿ 60,000 ಅಂತ ಬರೆದು ಕಳಿಸಬಹುದಿತ್ತು ನಿಜ, ಆದರೆ ಪ್ರೊಸೆಸ್ ಆಗುವಾಗ 26ಎಎಸ್‌ನಲ್ಲಿ ಇರುವ 42,000 ಮಾತ್ರ ಸಿಗುತ್ತಿತ್ತು. ಜುಲೈ 31ರೊಳಗೆ ತಿದ್ದುಪಡಿ ಆಗದೇ ಇದ್ದಿದ್ದರೆ ಹಾಗೇ ಮಾಡುತ್ತಿದ್ದೆ. ಕೊನೆ ದಿನ ದಾಟಿಸದೆ ಪೂರ್ತಿ ಕ್ಲೇಮ್ ಮಾಡಿ, 26ಎಎಸ್ ಸರಿಯಾದ ಮೇಲೆ ರೆಕ್ಟಿಫಿಕೇಶನ್‌ನಲ್ಲಿ Tax credit mismatch correction ಕೇಳುವುದು.

ಕಂಪನಿ ಹಿಡಿದುಕೊಂಡು ಕಟ್ಟದೇ ಇದ್ದರೆ ಕಥೆಯೇ ಬೇರೆ. ಹಿಡಿದ ಮೊತ್ತವನ್ನು ಮತ್ತೆ ನಮ್ಮಿಂದ ಕೇಳುವಂತಿಲ್ಲ ಅಂತ 1961ರ ಕಾಯ್ದೆಯ ಸೆಕ್ಷನ್ 205 ಹೇಳುತ್ತಿತ್ತು. ಆದರೆ ಹಿಡಿದದ್ದಕ್ಕೆ ಸಾಕ್ಷಿ ನಾವೇ ತೋರಿಸಬೇಕು. 60,000ದ ಬಿಲ್, 54,000 ಜಮಾ ಆದ ಬ್ಯಾಂಕ್ ಸ್ಟೇಟ್‌ಮೆಂಟ್, ಟಿಡಿಎಸ್ ಕಳೆದ ವಿವರ ಇರುವ ಮೇಲ್, ಮೂರನ್ನೂ ಒಂದೇ ಫೋಲ್ಡರ್‌ನಲ್ಲಿ ಇಡಿ.

ಎಂಟು ದಿನ ಬಿಟ್ಟು ನೋಡಿದಾಗ ಮೂರು ಸಾಲೂ ಬಂದಿದ್ದವು, F ಸಮೇತ. ಅದರಲ್ಲಿ ಮಾರ್ಚ್ ಬಿಲ್ಲಿನ ದುಡ್ಡು ನನ್ನ ಖಾತೆಗೆ ಬಂದಿದ್ದು ಏಪ್ರಿಲ್ 10ಕ್ಕೆ, ಆದರೆ ಕಂಪನಿ ಅದನ್ನು ಮಾರ್ಚ್ 31ಕ್ಕೇ ಲೆಕ್ಕಕ್ಕೆ ಹಿಡಿದಿತ್ತು. ನಾನು ಬಿಲ್ ಮಾಡಿದ ತಿಂಗಳಲ್ಲೇ ಆದಾಯ ತೋರಿಸುವುದರಿಂದ 6 ಲಕ್ಷದಲ್ಲಿ ಅದೂ ಸೇರಿತ್ತು, ತೊಂದರೆ ಆಗಲಿಲ್ಲ. ದುಡ್ಡು ಬಂದಾಗ ತೋರಿಸುವವರು ಆ 6,000ದ ಕ್ರೆಡಿಟ್ ಅನ್ನೂ ಮುಂದಿನ ವರ್ಷಕ್ಕೆ ಒಯ್ಯಬೇಕು. ಆದಾಯ ಒಂದು ವರ್ಷದಲ್ಲಿ, ಅದರ ಟಿಡಿಎಸ್ ಇನ್ನೊಂದು ವರ್ಷದಲ್ಲಿ ಆಗಬಾರದು.

ಐಟಿಆರ್-4 ಜುಲೈ 26ಕ್ಕೆ ಸಲ್ಲಿಸಿ ಆಧಾರ್ ಒಟಿಪಿ ಹಾಕಿ ವೆರಿಫೈ ಮಾಡಿದೆ. ಆಗಸ್ಟ್‌ನಲ್ಲಿ ಖಾತೆಗೆ 61,500 ಬಂತು. ಹೆಚ್ಚಿನ 1,500 ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ತಿಂಗಳಿಗೆ ಅರ್ಧ ಪರ್ಸೆಂಟಿನಂತೆ ಇಲಾಖೆ ಕೊಟ್ಟ ಬಡ್ಡಿ. ಅದನ್ನು ಮುಂದಿನ ರಿಟರ್ನ್‌ನಲ್ಲಿ ಆದಾಯ ಅಂತ ತೋರಿಸಬೇಕು, ಡೈರಿಯಲ್ಲಿ ಬರೆದಿಟ್ಟುಕೊಂಡೆ. ಅದರ ಕೆಳಗೇ ಇನ್ನೊಂದು ಸಾಲು: ಆಗಸ್ಟ್ 15, ನವೆಂಬರ್ 15, ಫೆಬ್ರವರಿ 15, ಜೂನ್ 15, 16ಎ ಬಂತಾ ನೋಡು.