ಸಮ್ಮರಿ ಶೀಟ್‌ನಲ್ಲಿ ‘ಆಲ್ ಪೊಸಿಷನ್’ ಅಂತ ಬರೆದದ್ದು ನಾನೇ

ತುಮಕೂರು ಕಡೆಯ ಒಂದು ಸೈಟ್. ಕಾಲಮ್‌ಗಳು ನಿಂತಿದ್ದವು, ಬೀಮ್ ಕನೆಕ್ಷನ್‌ಗಳ ವೆಲ್ಡಿಂಗ್ ನಡೆಯುತ್ತಿತ್ತು. ಕ್ಲೈಂಟ್ ಕಡೆಯ ಟಿಪಿಐ, ಅಂದರೆ ಹೊರಗಿನ ಸಂಸ್ಥೆಯ ಇನ್‌ಸ್ಪೆಕ್ಟರ್, ಸೈಟ್ ಆಫೀಸ್‌ನಲ್ಲಿ ಕೂತು ನನ್ನ ಇನ್‌ಸ್ಪೆಕ್ಷನ್ ರಿಪೋರ್ಟ್‌ನ ಒಂದೊಂದೇ ಹಾಳೆ ತಿರುವುತ್ತಿದ್ದರು. ವಿಷುಯಲ್ ಓಕೆ, ಅಲ್ಟ್ರಾಸಾನಿಕ್ ಟೆಸ್ಟ್ ಅನ್ನುವ ಯುಟಿ ಓಕೆ, ವೆಲ್ಡರ್ ಐಡಿ ಇದೆ. ಮಧ್ಯಾಹ್ನದೊಳಗೆ ಸಹಿ ಆಗುತ್ತೆ ಅಂತ ನಾನು ನಿರಾಳವಾಗಿದ್ದೆ.

ಒಂದು ಹಾಳೆಯ ಮೇಲೆ ಅವರ ಪೆನ್ನು ನಿಂತಿತು.

“ಇಲ್ಲಿ 180 ಆಂಪ್ಸ್ ಅಂತ ಬರೆದಿದ್ದೀರಿ. ವರ್ಟಿಕಲ್ ಜಾಯಿಂಟಾ?”

“ಹೌದು ಸರ್, 3ಜಿ.”

“ಪಿಕ್ಯೂಆರ್ ತೋರಿಸಿ.”

ಪಿಕ್ಯೂಆರ್ ಅಂದರೆ ಒಂದು ಸೆಟ್ಟಿಂಗ್‌ನಲ್ಲಿ ಪ್ಲೇಟ್ ವೆಲ್ಡ್ ಮಾಡಿ, ಅದನ್ನು ಟೆಸ್ಟ್ ಮಾಡಿದ ದಾಖಲೆ. ನಾನು ಅದರ ಬದಲು ಸಾರಾಂಶ ಬರೆದ ಸಮ್ಮರಿ ಶೀಟ್ ಮುಂದಿಟ್ಟೆ. ಅವರು ಅದನ್ನು ಮುಟ್ಟಲಿಲ್ಲ. “ಇದಲ್ಲ ರೀ, ಪಿಕ್ಯೂಆರ್.”

ಫೈಲ್ ಹುಡುಕಲು ಹತ್ತು ನಿಮಿಷ ಬೇಕಾಯಿತು. ಅಷ್ಟು ಹೊತ್ತೂ ಅವರು ಒಂದು ಮಾತೂ ಆಡಲಿಲ್ಲ. ಫೈಲ್ ತೆರೆದಾಗ ಮೊದಲು ಕಂಡದ್ದು ‘ಪೊಸಿಷನ್: 1ಜಿ’. ಅಂದರೆ ಪ್ಲೇಟ್ ಮಲಗಿಸಿ ಹೊಡೆದ ಫ್ಲಾಟ್. ಕೆಳಗೆ 250 ಆಂಪ್ಸ್, 28 ವೋಲ್ಟ್.

“ವರ್ಟಿಕಲ್‌ನಲ್ಲಿ 250 ಆಂಪ್ಸ್‌ಗೆ ಯಾರು ಹೊಡೀತಾರೆ? ಮೆಟಲ್ ಎಲ್ಲಾ ಕೆಳಗೆ ಸುರಿಯುತ್ತೆ. ನಿಮ್ಮ ವೆಲ್ಡರ್ 180ಕ್ಕೆ ಇಳಿಸಿದ್ದು ಸರಿಯೇ. ಆದರೆ ಆ 180ಕ್ಕೆ ಪಿಕ್ಯೂಆರ್ ಎಲ್ಲಿದೆ?”

ಉತ್ತರ ಇರಲಿಲ್ಲ.

ಆ ಸಮ್ಮರಿ ಶೀಟ್ ಮಾಡಿದ್ದು ನಾನು. ಅದಕ್ಕೂ ಮೊದಲು ಆರು ವರ್ಷ ಪ್ರೆಶರ್ ವೆಸೆಲ್ ಶಾಪ್‌ನಲ್ಲಿದ್ದೆ. ಅಲ್ಲಿ ನಡೆಯುವ ವೆಲ್ಡಿಂಗ್ ಕೋಡ್ ಎಎಸ್‌ಎಂಇ ಸೆಕ್ಷನ್ 9. ಇಂಪ್ಯಾಕ್ಟ್ ಟೆಸ್ಟ್ ಬೇಡದ ಕೆಲಸವಾದರೆ ಒಂದು ಪೊಸಿಷನ್‌ನಲ್ಲಿ ಮಾಡಿದ ಪಿಕ್ಯೂಆರ್ ಉಳಿದವಕ್ಕೂ ನಡೆಯುತ್ತದೆ. ಈ ಸೈಟ್‌ನದು ಸ್ಟೀಲ್ ಸ್ಟ್ರಕ್ಚರ್‌ಗಳ ಕೋಡ್ ಎಡಬ್ಲ್ಯೂಎಸ್ ಡಿ1.1. ಇಲ್ಲಿ 1ಜಿ ಪಿಕ್ಯೂಆರ್ ಫ್ಲಾಟ್‌ಗೆ ಮಾತ್ರ. ವರ್ಟಿಕಲ್ ಬೇಕಾದರೆ 3ಜಿಯಲ್ಲೇ ಪ್ಲೇಟ್ ಹೊಡೆಯಬೇಕು. ನಾವು ಮಾಡುತ್ತಿದ್ದ, ಫ್ಲಕ್ಸ್ ತುಂಬಿದ ವೈರ್‌ನ ಎಫ್‌ಸಿಎಡಬ್ಲ್ಯೂ ವೆಲ್ಡಿಂಗ್‌ನಲ್ಲಿ ಆಂಪ್ಸ್ ಹತ್ತು ಪರ್ಸೆಂಟ್‌ಗಿಂತ ಜಾಸ್ತಿ ಆಚೀಚೆ ಆದರೂ ಹೊಸ ಪಿಕ್ಯೂಆರ್ ಬೇಕು. ಅಂದರೆ ನಮ್ಮ ಮಿತಿ 225ರಿಂದ 275.

ಇನ್ನೊಂದು ತಪ್ಪೂ ಸೇರಿಕೊಂಡಿತ್ತು. ವೆಲ್ಡರ್‌ಗಳ ಕಾರ್ಡ್‌ನಲ್ಲಿ 3ಜಿ, ತಲೆಯ ಮೇಲ್ಗಡೆ ಹೊಡೆಯುವ 4ಜಿ ಎರಡೂ ಇದ್ದವು. ಆ ಎರಡು ಟೆಸ್ಟ್ ಪಾಸಾದ ವೆಲ್ಡರ್ ಪ್ಲೇಟ್‌ನಲ್ಲಿ ಎಲ್ಲಾ ಪೊಸಿಷನ್‌ಗೂ ಅರ್ಹ. ಆ ಕಾರ್ಡ್ ಹೇಳುವುದು ಅವನ ಕೈಯ ಬಗ್ಗೆ, ಪ್ರೊಸೀಜರ್ ಬಗ್ಗೆ ಅಲ್ಲ. ನಾನು ಎರಡನ್ನೂ ಒಂದೇ ಕಾಲಮ್‌ಗೆ ತುರುಕಿ ‘ಆಲ್’ ಅಂತ ಬರೆದಿದ್ದೆ.

ನಮ್ಮ ಡಬ್ಲ್ಯೂಪಿಎಸ್, ಅಂದರೆ ವೆಲ್ಡಿಂಗ್ ಸೂಚನೆಯ ಹಾಳೆ, ಪಿಕ್ಯೂಆರ್ ಟೆಸ್ಟ್ ಬೇಡದ ಪ್ರೀಕ್ವಾಲಿಫೈಡ್ ಅಂತ ಹೇಳಿ ಬಚಾವಾಗೋಣ ಅಂದರೆ ಪ್ಲೇಟು ಐಎಸ್ 2062, ಇ350. ಡಿ1.1ರ ಪ್ರೀಕ್ವಾಲಿಫೈಡ್ ಸ್ಟೀಲ್ ಪಟ್ಟಿಯಲ್ಲಿ ಅದು ಇಲ್ಲ.

14 ಜಾಯಿಂಟ್‌ಗೆ ಹೋಲ್ಡ್ ಟ್ಯಾಗ್ ಬಿತ್ತು. ನಿಯಮ ತಪ್ಪಿದ್ದನ್ನು ದಾಖಲಿಸುವ ಎನ್‌ಸಿಆರ್ ಬರೆದೆ. ಪ್ರಾಜೆಕ್ಟ್ ಮ್ಯಾನೇಜರ್ ಕೇಳಿದ್ದು ಒಂದೇ: “ಯುಟಿ ಪಾಸಾಗಿದೆ ಅಲ್ವಾ, ಮತ್ತೇನು?” ಒಳಗೆ ಡಿಫೆಕ್ಟ್ ಇದೆಯಾ ಅಂತ ಯುಟಿ ಹೇಳುತ್ತದೆ. ಆ ವೆಲ್ಡ್ ಎಷ್ಟು ಎಳೆತ ತಡೆಯುತ್ತದೆ, ಬಗ್ಗಿಸಿದರೆ ಬಿಡುತ್ತದಾ ಅಂತ ಹೇಳುವುದಿಲ್ಲ. ಇದನ್ನು ಅವರಿಗೆ ಮೂರು ಸಲ ವಿವರಿಸಬೇಕಾಯಿತು. ಶುರುವಿನಲ್ಲೇ ಸೈಟ್ ಪೊಸಿಷನ್‌ಗೆ ಬೇರೆ ಪಿಕ್ಯೂಆರ್ ಬೇಕಾ ಅಂತ ಯಾರೂ ಕೇಳಲಿಲ್ಲ. ಟೆಸ್ಟ್‌ಗೆ ಬಜೆಟ್ಟೂ ಇಟ್ಟಿರಲಿಲ್ಲ. ಆದರೂ ಕೇಳಬೇಕಾದವನು ನಾನೇ.

ಅದೇ ಮೆಷಿನ್, ಅದೇ 1.2 ಎಂಎಂ ವೈರ್, ಅದೇ 180 ಆಂಪ್ಸ್‌ನಲ್ಲಿ 25 ಎಂಎಂ ಪ್ಲೇಟ್ ನಿಲ್ಲಿಸಿ ಕೆಳಗಿನಿಂದ ಮೇಲಕ್ಕೆ ಹೊಡೆಸಿದೆವು. ವಿಷುಯಲ್, ಯುಟಿ ಆದಮೇಲೆ ಎರಡು ಟೆನ್ಸೈಲ್, ನಾಲ್ಕು ಸೈಡ್ ಬೆಂಡ್. ಟೆನ್ಸೈಲ್ ಎರಡೂ ಬೇಕಾದ 490 ಎಂಪಿಎ ದಾಟಿ, ವೆಲ್ಡ್ ಬಿಟ್ಟು ಪ್ಲೇಟ್‌ನಲ್ಲೇ ತುಂಡಾದವು. ಬೆಂಡ್‌ನಲ್ಲಿ ಮೂರು ಪೀಸ್ ನುಣುಪಾಗಿ ಬಗ್ಗಿದವು. ನಾಲ್ಕನೆಯದರಲ್ಲಿ ಫ್ಯೂಷನ್ ಲೈನ್ ಪಕ್ಕ ಅಕ್ಕಿಕಾಳಿಗಿಂತ ಚಿಕ್ಕದಾಗಿ ಬಾಯಿ ಬಿಟ್ಟಿತು. ಲ್ಯಾಬ್‌ನವರು ವರ್ನಿಯರ್ ತರುವವರೆಗೆ ನಾನು ಉಸಿರು ಹಿಡಿದು ನಿಂತಿದ್ದೆ. 2 ಎಂಎಂ. 3ರವರೆಗೆ ಬಿಡುತ್ತಾರೆ. ಪಾಸ್.

ಆ ಪಿಕ್ಯೂಆರ್ ನೋಡಿ ಡಿಸೈನ್ ಇಂಜಿನಿಯರ್ 14 ಜಾಯಿಂಟ್‌ಗಳನ್ನೂ ಒಪ್ಪಿ ಎನ್‌ಸಿಆರ್ ಮುಚ್ಚಿದರು. ಹನ್ನೊಂದು ದಿನ ಹೋಗಿತ್ತು.

ಈಗ ನನ್ನ ಸಮ್ಮರಿ ಶೀಟ್‌ನಲ್ಲಿ ಪಿಕ್ಯೂಆರ್ ಪೊಸಿಷನ್‌ಗೆ ಒಂದು ಕಾಲಮ್, ವೆಲ್ಡರ್ ಪೊಸಿಷನ್‌ಗೆ ಇನ್ನೊಂದು. ದಿನದ ರಿಪೋರ್ಟ್‌ನಲ್ಲಿ ನಿಜವಾದ ಆಂಪ್ಸ್ ಪಕ್ಕದಲ್ಲೇ ಡಬ್ಲ್ಯೂಪಿಎಸ್ ಮಿತಿಯನ್ನೂ ಬರೆಯುತ್ತೇನೆ. 180 ಅನ್ನುವ ಆ ಅಂಕಿಯನ್ನು ಟಾಂಗ್ ಟೆಸ್ಟರ್‌ನಲ್ಲಿ ನೋಡಿ ಬರೆದವನು ನಾನೇ. ಡಬ್ಲ್ಯೂಪಿಎಸ್ ಮೆಷಿನ್ ಮೇಲೇ ಅಂಟಿಸಿತ್ತು. ವೆಲ್ಡರ್ ಮೊದಲ ದಿನವೇ ಅದನ್ನು ತೋರಿಸಿ, “ಸರ್, ಇದು ಶಾಪ್ ಸೆಟ್ಟಿಂಗ್ ಅಲ್ವಾ? ಇಲ್ಲಿಗೆ ಬೇರೆ ಬರುತ್ತಾ?” ಅಂತ ಕೇಳಿದ್ದ. “ನೀನು ಹೊಡಿ, ಪೇಪರ್ ನಾನು ನೋಡ್ಕೋತೀನಿ” ಅಂದಿದ್ದೆ.