ಎಕ್ಸ್‌ಚೇಂಜ್ ಸೆಮಿಸ್ಟರ್‌ನ ಮೋಟಿವೇಶನ್ ಲೆಟರ್: ಓದುವವರು ಹುಡುಕುವುದು ಕೋರ್ಸ್‌ಗಳ ಲೆಕ್ಕ

ಇಂಜಿನಿಯರಿಂಗ್ ಕಾಲೇಜಿನ ಇಂಟರ್‌ನ್ಯಾಷನಲ್ ಆಫೀಸಿಗೆ ಬರುವ ಮೋಟಿವೇಶನ್ ಲೆಟರ್‌ಗಳಲ್ಲಿ ಹೆಚ್ಚಿನವು ಎಂ.ಎಸ್. ಅರ್ಜಿಯ ಎಸ್‌ಒಪಿಯನ್ನೇ ಕತ್ತರಿಸಿ ಅಂಟಿಸಿದಂತಿರುತ್ತವೆ. ಚಿಕ್ಕಂದಿನಲ್ಲಿ ರೇಡಿಯೊ ಬಿಚ್ಚಿ ನೋಡಿದ್ದು, ಆ ವಿಶ್ವವಿದ್ಯಾಲಯದ ರ‍್ಯಾಂಕಿಂಗ್, ಆಮೇಲೆ ‘ಬೇರೆ ಸಂಸ್ಕೃತಿಯ ಪರಿಚಯ’. ಎಂ.ಎಸ್.ಗೆ ಹೋದವರು ಡಿಗ್ರಿಯನ್ನು ಅಲ್ಲೇ ಪಡೆಯುತ್ತಾರೆ. ಎಕ್ಸ್‌ಚೇಂಜ್‌ಗೆ ಹೋದವರು ನಾಲ್ಕೈದು ತಿಂಗಳಲ್ಲಿ ವಾಪಸ್ ಬಂದು ಇಲ್ಲಿನ ಬಿ.ಇ. ಮುಗಿಸಬೇಕು. ಹಾಗಾಗಿ ಪತ್ರವನ್ನು ಮೊದಲು ಓದುವ ಇಲ್ಲಿನ ವಿಭಾಗಕ್ಕೆ ಬೇಕಿರುವುದು ಒಂದೇ ಉತ್ತರ: ಅಲ್ಲಿ ಓದಿದ್ದು ಇಲ್ಲಿ ಲೆಕ್ಕಕ್ಕೆ ಬರುತ್ತದೆಯೇ? ಇಲ್ಲಿನ ಕಾಲೇಜು ಹೆಸರು ಸೂಚಿಸಿ ನಾಮಿನೇಶನ್ ಮಾಡಿದ ಮೇಲೆ ಓದುವ ಅಲ್ಲಿನ ಸಂಯೋಜಕರು ಕೇಳುವುದು: ಈ ಕೋರ್ಸ್‌ಗಳನ್ನು ಪಾಸು ಮಾಡುವ ತಯಾರಿ ಇದೆಯೇ?

ಆರನೇ ಸೆಮಿಸ್ಟರ್‌ನಲ್ಲಿರುವ ಮೆಕ್ಯಾನಿಕಲ್ ವಿದ್ಯಾರ್ಥಿಯೊಬ್ಬಳು ಏಳನೆಯದನ್ನು ಸ್ವೀಡನ್ನಿನಲ್ಲಿ ಓದಲು ಬರೆಯುತ್ತಿದ್ದಾಳೆ ಎಂದುಕೊಳ್ಳಿ. ಯುರೋಪಿನ ಕ್ರೆಡಿಟ್ ಪದ್ಧತಿಯಾದ ಇಸಿಟಿಎಸ್‌ನಲ್ಲಿ ಒಂದು ಸೆಮಿಸ್ಟರ್ ಎಂದರೆ 30 ಕ್ರೆಡಿಟ್. ನಮ್ಮಲ್ಲಿ ಬಿ.ಇ.ಗೆ ಒಟ್ಟು 160 ಎಂದು ಹಿಡಿದರೆ ಸೆಮಿಸ್ಟರ್‌ಗೆ ಸರಾಸರಿ 20. ಅಂದರೆ ಅಲ್ಲಿನ ಒಂದೂವರೆ ಕ್ರೆಡಿಟ್ ಇಲ್ಲಿನ ಒಂದಕ್ಕೆ ಸಮ. ಇದು ಅಂದಾಜಿನ ಲೆಕ್ಕ. ಕಾಲೇಜಿನದೇ ಕೋಷ್ಟಕ ಇದ್ದರೆ ಅದನ್ನೇ ಹಿಡಿಯಬೇಕು. ಸ್ವೀಡನ್ನಿನ ತಾಂತ್ರಿಕ ವಿಶ್ವವಿದ್ಯಾಲಯಗಳಲ್ಲಿ ಕೋರ್ಸ್‌ಗೆ ಸಾಮಾನ್ಯವಾಗಿ 7.5 ಕ್ರೆಡಿಟ್, ಆದ್ದರಿಂದ ನಾಲ್ಕು ಕೋರ್ಸ್ ಸಾಕು.

ಎಡವುವುದು ಇಲ್ಲೇ. ಅಲ್ಲಿ ಸೆಮಿಸ್ಟರ್ ಎರಡು ಅವಧಿಗಳಾಗಿ ಒಡೆದಿರುತ್ತದೆ: ಮೊದಲನೆಯದು ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ, ಎರಡನೆಯದು ಅಲ್ಲಿಂದ ಜನವರಿ ಮಧ್ಯದವರೆಗೆ. ಒಂದು ಅವಧಿಗೆ ಎರಡು ಕೋರ್ಸ್. ಹೆಸರು ಚೆನ್ನಾಗಿದೆಯೆಂದು ಆರಿಸಿದ ನಾಲ್ಕೂ ಮೊದಲ ಅವಧಿಯವೇ ಆಗಿದ್ದರೆ ಇಡೀ ಸೆಮಿಸ್ಟರಿನ ಓದು ಅರ್ಧ ಕಾಲದಲ್ಲಿ ಮುಗಿಯಬೇಕಾಗುತ್ತದೆ. ಇನ್ನೂ ಸಾಮಾನ್ಯವಾದ ತಪ್ಪು, ವಸಂತದ ಸೆಮಿಸ್ಟರ್‌ನಲ್ಲಿ ಮಾತ್ರ ನಡೆಯುವ ಕೋರ್ಸನ್ನು ಶರತ್ಕಾಲದ ಪತ್ರದಲ್ಲಿ ಬರೆಯುವುದು. ಕೋರ್ಸಿನ ಪುಟದಲ್ಲಿ ಅವಧಿ, ಹಂತ, ಬೋಧನಾ ಭಾಷೆ, ಬೇಕಾದ ಪೂರ್ವಜ್ಞಾನ ಎಲ್ಲ ಇರುತ್ತದೆ. ಪುಟವನ್ನೇ ತೆರೆದು ನೋಡಿಲ್ಲವೆಂದು ಸಂಯೋಜಕರಿಗೆ ಆ ಒಂದು ಸಾಲಿನಿಂದಲೇ ಗೊತ್ತಾಗುತ್ತದೆ.

ಪತ್ರ ಇಂಗ್ಲಿಷಿನಲ್ಲೇ ಇರುತ್ತದೆ, ಅದರ ಎರಡನೇ ಪ್ಯಾರಾದ ಸಾರ ಕನ್ನಡದಲ್ಲಿ ಹೀಗಿರಬಹುದು: “ಮೊದಲ ಅವಧಿಯಲ್ಲಿ ಫೈನೈಟ್ ಎಲಿಮೆಂಟ್ ಮತ್ತು ಕಂಟ್ರೋಲ್ ಕೋರ್ಸ್‌ಗಳನ್ನು ತೆಗೆದುಕೊಳ್ಳುತ್ತೇನೆ. ಇವು ನಮ್ಮ ಏಳನೇ ಸೆಮಿಸ್ಟರಿನ ಎರಡು ಕಡ್ಡಾಯ ವಿಷಯಗಳಿಗೆ ಬದಲಾಗಿ ನಿಲ್ಲುತ್ತವೆ. ಎರಡನೇ ಅವಧಿಯ ಎರಡು ಕೋರ್ಸ್‌ಗಳು ಎಲೆಕ್ಟಿವ್‌ಗಳ ಜಾಗಕ್ಕೆ. ಫೈನೈಟ್ ಎಲಿಮೆಂಟ್‌ಗೆ ಬೇಕಾದ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಮತ್ತು ಲೀನಿಯರ್ ಆಲ್ಜೀಬ್ರಾ ಎರಡನ್ನೂ ಓದಿದ್ದೇನೆ. ಆರನೇ ಸೆಮಿಸ್ಟರಿನ ಮಿನಿ ಪ್ರಾಜೆಕ್ಟ್‌ನಲ್ಲಿ ಬ್ರಾಕೆಟ್ ಒಂದರ ಸ್ಟ್ರೆಸ್ ಲೆಕ್ಕ ಹಾಕಿ, ಕೈಲೆಕ್ಕದ ಜೊತೆ ತಾಳೆ ನೋಡಿದ್ದೇನೆ.” ಆ ಕೊನೆಯ ‘ತಾಳೆ ನೋಡಿದ್ದೇನೆ’ ಎಂಬುದು ಸಾಫ್ಟ್‌ವೇರ್‌ಗಳ ಹೆಸರಿನ ಉದ್ದ ಪಟ್ಟಿಗಿಂತ ಹೆಚ್ಚು ತೂಗುತ್ತದೆ. ಹತ್ತು ಟೂಲ್‌ಗಳ ಹೆಸರು ರೆಸ್ಯೂಮೆಯಲ್ಲಿ ಇರಲಿ, ಬಿಡಿ.

ಏಳನೇ ಸೆಮಿಸ್ಟರ್ ಆರಿಸಿದವರು ಉತ್ತರಿಸಲೇಬೇಕಾದ ಇನ್ನೊಂದು ಪ್ರಶ್ನೆ ಫೈನಲ್ ಇಯರ್ ಪ್ರಾಜೆಕ್ಟ್‌ನದು. ತಂಡದ ಉಳಿದವರು ಇಲ್ಲಿ ರಿಗ್ ಕಟ್ಟುತ್ತಿರುವಾಗ ನಿಮ್ಮ ಪಾಲಿನ ಕೆಲಸ ಯಾವುದು? ಸಿಮ್ಯುಲೇಶನ್ ಭಾಗವನ್ನು ಅಲ್ಲಿಂದಲೇ ಮಾಡುತ್ತೇನೆ, ಗೈಡ್ ಒಪ್ಪಿದ್ದಾರೆ ಎಂದು ಒಂದು ವಾಕ್ಯ ಸಾಕು. ಆದರೆ ಗೈಡ್ ನಿಜವಾಗಿಯೂ ಒಪ್ಪಿರಬೇಕು, ಏಕೆಂದರೆ ಆಯ್ಕೆ ಸಮಿತಿಯಲ್ಲಿ ಅವರೇ ಕೂತಿರುವ ಸಾಧ್ಯತೆ ಇದೆ. ಕ್ಯಾಂಪಸ್ ಪ್ಲೇಸ್‌ಮೆಂಟ್ ತಪ್ಪುವುದು ಗೊತ್ತಿದೆ ಎಂಬುದನ್ನೂ ಸೂಚಿಸಿದರೆ ನಾಮಿನೇಶನ್ ಆದ ಮೇಲೆ ಹಿಂದೆ ಸರಿಯುವ ಅಭ್ಯರ್ಥಿ ಇವರಲ್ಲ ಎಂಬ ಭರವಸೆ ಬರುತ್ತದೆ. ಸೀಟುಗಳು ಬೆರಳೆಣಿಕೆಯಷ್ಟು, ಒಬ್ಬರು ತಡವಾಗಿ ಬಿಟ್ಟರೆ ಅದು ಖಾಲಿಯೇ ಉಳಿಯಬಹುದು.

ಕ್ಯಾಲೆಂಡರನ್ನೂ ಹೊಂದಿಸಿ ನೋಡಬೇಕು. ಜನವರಿ ಮಧ್ಯಕ್ಕೆ ಮುಗಿಯುವ ಸ್ವೀಡನ್ನಿನ ಶರತ್ಕಾಲ ನಮ್ಮ ಎಂಟನೇ ಸೆಮಿಸ್ಟರಿಗೆ ಹೆಚ್ಚು ಅಡ್ಡ ಬರುವುದಿಲ್ಲ. ಜರ್ಮನಿಯಲ್ಲಿ ಬಹುತೇಕ ಕಡೆ ಚಳಿಗಾಲದ ಪಾಠಗಳು ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ನಡೆಯುತ್ತವೆ, ಪರೀಕ್ಷೆಗಳು ಅದರಾಚೆಗೂ ಚಾಚುತ್ತವೆ. ಅಲ್ಲಿಗೆ ಬರೆಯುವವರು ಎಂಟನೇ ಸೆಮಿಸ್ಟರಿನ ಮೊದಲ ವಾರಗಳ ಹಾಜರಿಗೆ ವಿಭಾಗದ ಅನುಮತಿ ಪಡೆದು, ಅದನ್ನು ಪತ್ರದಲ್ಲಿ ಹೇಳಬೇಕು.

ಬ್ಯಾಕ್‌ಲಾಗ್ ಇದ್ದರೆ ಮುಚ್ಚಿಡುವುದು ವ್ಯರ್ಥ, ಮಾರ್ಕ್ಸ್ ಕಾರ್ಡ್ ಜೊತೆಗೇ ಹೋಗುತ್ತದೆ. ಯಾವ ವಿಷಯ, ಯಾವ ಸೆಮಿಸ್ಟರ್‌ನಲ್ಲಿ ಕ್ಲಿಯರ್ ಆಯಿತು, ಅದಕ್ಕೆ ಸಂಬಂಧಿಸಿದ ಮುಂದಿನ ವಿಷಯದಲ್ಲಿ ಗ್ರೇಡ್ ಎಷ್ಟು, ಇಷ್ಟನ್ನು ಒಂದೇ ವಾಕ್ಯದಲ್ಲಿ ಬರೆದು ಮುಂದೆ ಹೋಗಬೇಕು.

ಎಲ್ಲ ಒಂದು ಪುಟದೊಳಗೆ. ಕೊನೆಯಲ್ಲಿ ಎರಡು ಬದಲಿ ಕೋರ್ಸ್‌ಗಳ ಹೆಸರು ಕೊಡಿ, ಒಂದೊಂದು ಅವಧಿಗೆ ಒಂದೊಂದು. ಸೀಟು ತುಂಬಿಯೋ ಟೈಮ್‌ಟೇಬಲ್ ಹೊಂದದೆಯೋ ಆರಿಸಿದ್ದು ತಪ್ಪಿಹೋಗುವುದು ಮಾಮೂಲಿ. ಆಗ ಓದುವ ಕೋರ್ಸ್‌ಗಳ ಒಪ್ಪಂದವಾದ ಲರ್ನಿಂಗ್ ಅಗ್ರಿಮೆಂಟ್ ತಿದ್ದಿ ಎರಡೂ ಕಡೆಯ ಸಹಿ ಹಾಕಿಸಬೇಕಾಗುತ್ತದೆ. ಬದಲಿ ಕೋರ್ಸನ್ನು ವಿಭಾಗ ಮೊದಲೇ ನೋಡಿ ಒಪ್ಪಿದ್ದರೆ ಇಲ್ಲಿನ ಸಹಿಗೆ ಕಾಯುವುದು ತಪ್ಪುತ್ತದೆ.