ಕಡಿದಾದ ಬೇಡಿಕೆ ರೇಖೆ ಮತ್ತು ಕೈಬಿಟ್ಟ ಮೈನಸ್

“ಬೇಡಿಕೆ ರೇಖೆ ಕಡಿದಾಗಿದ್ದರೆ ಅದು ಹೆಚ್ಚು ಸ್ಥಿತಿಸ್ಥಾಪಕ ತಾನೇ? ಲೆಕ್ಕದಲ್ಲಿ ಬರುವ ಮೈನಸ್ ಚಿಹ್ನೆಯನ್ನು ಇಡಬೇಕೋ, ಬಿಡಬೇಕೋ?”

ಮೊದಲನೆಯದಕ್ಕೆ ಅಲ್ಲ ಎನ್ನುತ್ತೇನೆ. ಬೆಲೆ ಶೇ. 1ರಷ್ಟು ಬದಲಾದಾಗ ಕೊಳ್ಳುವ ಪ್ರಮಾಣ ಶೇ. ಎಷ್ಟು ಬದಲಾಗುತ್ತದೆ ಎಂಬುದೇ ಸ್ಥಿತಿಸ್ಥಾಪಕತ್ವ; ಚಿಹ್ನೆ ಬಿಟ್ಟು ನೋಡಿದಾಗ ಅದು 1ಕ್ಕಿಂತ ಹೆಚ್ಚಿದ್ದರೆ ಬೇಡಿಕೆ ಸ್ಥಿತಿಸ್ಥಾಪಕ, ಕಡಿಮೆಯಿದ್ದರೆ ಅಸ್ಥಿತಿಸ್ಥಾಪಕ. ಗೊಂದಲದ ಮೂಲ ಚಿತ್ರದಲ್ಲೇ ಇದೆ. ಗಣಿತ ಕಲಿತವರು ಕಾರಣವನ್ನು ಅಡ್ಡ ಅಕ್ಷದಲ್ಲೂ ಪರಿಣಾಮವನ್ನು ಲಂಬ ಅಕ್ಷದಲ್ಲೂ ಹುಡುಕುತ್ತಾರೆ. ಅರ್ಥಶಾಸ್ತ್ರದಲ್ಲಿ ಆಲ್ಫ್ರೆಡ್ ಮಾರ್ಷಲ್ ಕಾಲದ ರೂಢಿಯಂತೆ ಬೆಲೆ ಲಂಬ ಅಕ್ಷದಲ್ಲಿದೆ, ಪ್ರಮಾಣ ಅಡ್ಡ ಅಕ್ಷದಲ್ಲಿದೆ. ಹಾಗಾಗಿ ಕಣ್ಣಿಗೆ ಕಾಣುವ ಇಳಿಜಾರು, ಪ್ರಮಾಣ ಒಂದು ಘಟಕ ಬದಲಾಗಲು ಬೆಲೆ ಎಷ್ಟು ಬದಲಾಗಬೇಕು ಎಂಬುದನ್ನು ಹೇಳುತ್ತದೆ. ನಮಗೆ ಬೇಕಾದದ್ದು ಅದರ ತಿರುಗುಮುರುಗು. ಬೆಲೆ ಬಹಳ ಏರಿದರೂ ಕೊಳ್ಳುವವರು ಅಷ್ಟಾಗಿ ಕದಲದಿದ್ದಾಗಲೇ ರೇಖೆ ಕಡಿದಾಗುವುದು.

ಇಷ್ಟನ್ನು ತಿಳಿದುಕೊಂಡವರು ತಕ್ಷಣ ಇನ್ನೊಂದು ತುದಿಗೆ ಹಾರುತ್ತಾರೆ: “ಹಾಗಾದರೆ ಕಡಿದಾದ ರೇಖೆಯೆಂದರೆ ಎಲ್ಲ ಕಡೆಯೂ ಅಸ್ಥಿತಿಸ್ಥಾಪಕ.” ನನಗೆ ಮೊದಲ ತಪ್ಪಿಗಿಂತ ಇದರ ಮೇಲೆಯೇ ಹೆಚ್ಚು ಸಿಟ್ಟು, ಏಕೆಂದರೆ ಇದು ಸರಿಯುತ್ತರದ ವೇಷ ಹಾಕಿಕೊಂಡು ಬರುತ್ತದೆ. ಸೂತ್ರವನ್ನು ಗಮನಿಸಿ, ಇಲ್ಲಿ E ಸ್ಥಿತಿಸ್ಥಾಪಕತ್ವ, P ಬೆಲೆ, Q ಪ್ರಮಾಣ:

```
E = (dQ/dP) × (P/Q)
```

ಇಳಿಜಾರಿನಿಂದ ಬರುವುದು ಮೊದಲ ಭಾಗ ಮಾತ್ರ. ಎರಡನೆಯ ಭಾಗವಾದ P/Q, ನಾವು ರೇಖೆಯ ಮೇಲೆ ಎಲ್ಲಿ ನಿಂತಿದ್ದೇವೆ ಎಂಬುದನ್ನು ಅವಲಂಬಿಸಿದೆ.

P = 100 − 2Q ಎಂಬ ರೇಖೆಯನ್ನು ತೆಗೆದುಕೊಳ್ಳೋಣ. ಬೆಲೆ 2 ಏರಿದರೆ ಪ್ರಮಾಣ 1 ಇಳಿಯುತ್ತದೆ, ಅಂದರೆ dQ/dP = −0.5. ರೇಖೆಯ ಉದ್ದಕ್ಕೂ ಇದು ಬದಲಾಗುವುದಿಲ್ಲ. ಬೆಲೆ 80 ಇದ್ದಾಗ ಪ್ರಮಾಣ 10; ಅಲ್ಲಿ E = −0.5 × 80/10 = −4. ಬೆಲೆ 20 ಇದ್ದಾಗ ಪ್ರಮಾಣ 40; ಅಲ್ಲಿ E = −0.5 × 20/40 = −0.25. ಒಂದೇ ರೇಖೆ, ಒಂದೇ ಇಳಿಜಾರು. ಆದರೂ ಮೇಲಿನ ಬಿಂದುವಿನಲ್ಲಿ ಬೇಡಿಕೆ ತೀರಾ ಸ್ಥಿತಿಸ್ಥಾಪಕ, ಕೆಳಗಿನದರಲ್ಲಿ ಅಸ್ಥಿತಿಸ್ಥಾಪಕ. ನಡುವೆ, ಬೆಲೆ 50 ಮತ್ತು ಪ್ರಮಾಣ 25 ಇರುವಲ್ಲಿ, ಸರಿಯಾಗಿ −1.

ನಂಬಿಕೆ ಬಾರದಿದ್ದರೆ ಮಾರುವವರ ಒಟ್ಟು ಆದಾಯವನ್ನೇ ಕೇಳಿ. ಮೇಲಿನ, ಕೆಳಗಿನ ಎರಡೂ ಬಿಂದುಗಳಲ್ಲಿ ಅದು 800. ಬೆಲೆಯನ್ನು 80ರಿಂದ 78ಕ್ಕೆ ಇಳಿಸಿದರೆ ಪ್ರಮಾಣ 11 ಆಗಿ ಆದಾಯ 858ಕ್ಕೆ ಏರುತ್ತದೆ. 20ರಿಂದ 18ಕ್ಕೆ ಇಳಿಸಿದರೆ ಪ್ರಮಾಣ 41 ಆಗಿ ಆದಾಯ 738ಕ್ಕೆ ಕುಸಿಯುತ್ತದೆ. ಎರಡು ಕಡೆಯೂ ಇಳಿಸಿದ್ದು 2 ಮಾತ್ರ.

ಹಾಗಾದರೆ ಕಡಿದು, ಚಪ್ಪಟೆ ಎಂಬ ಮಾತಿಗೆ ಬೆಲೆಯೇ ಇಲ್ಲವೇ? ಇದೆ, ಎರಡು ರೇಖೆಗಳು ಒಂದನ್ನೊಂದು ಕತ್ತರಿಸುವ ಬಿಂದುವಿನಲ್ಲಿ. ಅಲ್ಲಿ P/Q ಎರಡಕ್ಕೂ ಒಂದೇ ಆದ್ದರಿಂದ ಇಳಿಜಾರು ಮಾತ್ರ ವ್ಯತ್ಯಾಸ ಮಾಡುತ್ತದೆ. P = 62.5 − 0.5Q ಎಂಬ ಚಪ್ಪಟೆ ರೇಖೆಯೂ ಬೆಲೆ 50, ಪ್ರಮಾಣ 25ರ ಮೂಲಕವೇ ಹೋಗುತ್ತದೆ. ಅಲ್ಲಿ ಅದರ ಸ್ಥಿತಿಸ್ಥಾಪಕತ್ವ −2 × 50/25 = −4, ಕಡಿದಾದ ರೇಖೆಯದು −1. ಬೇರೆ ಬೇರೆ ಚಿತ್ರಗಳಲ್ಲಿರುವ ರೇಖೆಗಳನ್ನು ಹೀಗೆ ಕಣ್ಣಳತೆಯಲ್ಲಿ ಹೋಲಿಸುವಂತಿಲ್ಲ. ಅಡ್ಡ ಅಕ್ಷದ ಅಳತೆಯನ್ನು ಹಿಗ್ಗಿಸಿದರೆ ಎಂಥ ರೇಖೆಯೂ ಚಪ್ಪಟೆಯಾಗುತ್ತದೆ. ಕೊಳ್ಳುವವರ ನಡತೆ ಮಾತ್ರ ಇದ್ದಂತೆಯೇ ಇರುತ್ತದೆ.

ಇನ್ನು ಮೈನಸ್. ಬೆಲೆಯೂ ಪ್ರಮಾಣವೂ ವಿರುದ್ಧ ದಿಕ್ಕಿನಲ್ಲಿ ಚಲಿಸುವುದರಿಂದ ಅದು ಬರುತ್ತದೆ. ಕೆಲವು ಪಠ್ಯಗಳು ಅದನ್ನು ಉಳಿಸಿಕೊಳ್ಳುತ್ತವೆ, ಕೆಲವು ಸೂತ್ರದ ಮುಂದೆಯೇ ಇನ್ನೊಂದು ಮೈನಸ್ ಹಾಕಿ ಅಳಿಸುತ್ತವೆ. ಎರಡೂ ಸರಿ, ಒಂದೇ ಲೆಕ್ಕದಲ್ಲಿ ಎರಡನ್ನೂ ಬೆರೆಸಿದರೆ ಕೆಟ್ಟಿತು. ಸಾಮಾನ್ಯವಾಗಿ ಕಾಣುವ ತಪ್ಪು ಇದು: −4 ಎಂಬುದು 1ಕ್ಕಿಂತ ಚಿಕ್ಕದು, ಆದ್ದರಿಂದ ಅಸ್ಥಿತಿಸ್ಥಾಪಕ! 1ರೊಡನೆ ಹೋಲಿಸುವಾಗ ಚಿಹ್ನೆಯನ್ನು ಬದಿಗಿಟ್ಟು 4 ಎಂದೇ ನೋಡಬೇಕು. ಇದಕ್ಕೆ ವಿರುದ್ಧವಾಗಿ, ಸ್ಥಿತಿಸ್ಥಾಪಕತ್ವ 1.5 ಎಂದು ಕೊಟ್ಟು ಬೆಲೆ ಶೇ. 4ರಷ್ಟು ಏರಿತೆಂದರೆ, ಅಳಿಸಿದ ಚಿಹ್ನೆಯನ್ನು ನಾವೇ ಮರಳಿ ತರಬೇಕು: ಪ್ರಮಾಣ ಶೇ. 6ರಷ್ಟು ಇಳಿಯುತ್ತದೆ.

ತಪ್ಪು ನುಸುಳುವ ಇನ್ನೊಂದು ಜಾಗ ಸೀಮಾಂತ ಆದಾಯದ, ಅಂದರೆ ಇನ್ನೊಂದು ಘಟಕ ಮಾರಿದಾಗ ಒಟ್ಟು ಆದಾಯಕ್ಕೆ ಸೇರುವ ಮೊತ್ತದ, ಸೂತ್ರ. ಚಿಹ್ನೆ ಉಳಿಸಿಕೊಂಡವರಿಗೆ ಅದು P(1 + 1/E), ಅಳಿಸಿದವರಿಗೆ P(1 − 1/E). ಮೇಲಿನ ರೇಖೆಯಲ್ಲಿ ಬೆಲೆ 80 ಇದ್ದಾಗ ಸರಿಯಾದ ಉತ್ತರ 80 × 0.75 = 60. ಮೊದಲ ಸೂತ್ರಕ್ಕೆ ಚಿಹ್ನೆಯಿಲ್ಲದ 4 ಹಾಕಿದರೆ 100 ಬರುತ್ತದೆ. ಇಳಿಜಾರಿನ ಬೇಡಿಕೆ ರೇಖೆಯಲ್ಲಿ ಎಲ್ಲರಿಗೂ ಒಂದೇ ಬೆಲೆಗೆ ಮಾರುವವರು ಇನ್ನೊಂದು ಘಟಕ ಮಾರಬೇಕಾದರೆ ಉಳಿದ ಘಟಕಗಳ ಬೆಲೆಯನ್ನೂ ತಗ್ಗಿಸಬೇಕು. ಆದ್ದರಿಂದ ಸೀಮಾಂತ ಆದಾಯ ಬೆಲೆಯನ್ನು ಮೀರಲಾರದು. 80ನ್ನು ಮೀರಿದ ಉತ್ತರ ಬಂದರೆ, ಮೈನಸ್ ಎಲ್ಲೋ ಜಾರಿದೆ.